ವಯಸ್ಸು ರೋಗದ ಹೆಸರಲ್ಲ

‘ವಯಸ್ಸಾಯ್ತು, ಬಿಪಿ ಇತ್ತು, ಹಾರ್ಟ್ ದಪ್ಪ ಆಗಿದೆ ಅಷ್ಟೇ’ ಅನ್ನೋ ಮಾತಿಗೆ ನನ್ನ ತಕರಾರಿದೆ. 78ರ ನನ್ನ ಸೋದರಮಾವನ ಎಕೋದಲ್ಲಿ ಹೃದಯದ ಗೋಡೆ 16 ಮಿಲಿಮೀಟರ್ ದಪ್ಪ. ಬಿಪಿಯಿಂದ ಸ್ನಾಯು ಬೆಳೆದಿದ್ದರೆ ಇಸಿಜಿ ಗೆರೆಗಳು ಸಾಮಾನ್ಯವಾಗಿ ಎತ್ತರಕ್ಕೇಳುತ್ತವೆ, ಅವರದ್ದು ಕುಳ್ಳಗಿದ್ದವು. ಗೋಡೆಯಲ್ಲಿ ತುಂಬಿದ್ದು ಸ್ನಾಯುವಲ್ಲ, ಅಮೈಲಾಯ್ಡ್ ಎಂಬ ಪ್ರೋಟೀನ್ ಕಸ. ಎಂಟು ವರ್ಷದ ಹಿಂದೆ ಎರಡೂ ಕೈಗೆ ಕಾರ್ಪಲ್ ಟನಲ್ ಆಪರೇಷನ್ ಆಗಿತ್ತು. ಈಚೆಗೆ ಹಳೇ ಬಿಪಿ ಮಾತ್ರೆಗೇ ತಲೆ ಸುತ್ತುತ್ತಿತ್ತು. ಸುಳಿವು ಮೂರು, ಫೈಲೂ ಮೂರು, ಜೋಡಿಸಿ ನೋಡಿದವರಿಲ್ಲ.

ಮೊದಲು ರಕ್ತ, ಮೂತ್ರದಲ್ಲಿ ಲೈಟ್ ಚೈನ್ ಹುಡುಕಬೇಕು. ಏರುಪೇರಿದ್ದರೆ ತಡಮಾಡದೆ ರಕ್ತರೋಗ ತಜ್ಞರ ಬಳಿ ಹೋಗಬೇಕು. ಅದು ಸರಿಯಿದ್ದು, ಪೈರೋಫಾಸ್ಫೇಟ್ ಸ್ಕ್ಯಾನಿನಲ್ಲಿ ಹೃದಯದ ಸ್ನಾಯು ಪಕ್ಕೆಲುಬಿನಷ್ಟೋ ಹೆಚ್ಚೋ ಹೊಳೆದರೆ, ಅದು ಟ್ರಾನ್ಸ್‌ಥೈರೆಟಿನ್ ಬಗೆ, ಬಯಾಪ್ಸಿಯೂ ಬೇಕಿಲ್ಲ. ಮಾವನಿಗೆ ಆದದ್ದು ಇದೇ. ಇದಕ್ಕೆ ಔಷಧವಿದೆ, ಆದರೆ ಅದು ಕಸ ಸೇರುವುದನ್ನು ನಿಧಾನಿಸುತ್ತದೆ, ಕಳೆದ ವರ್ಷಗಳನ್ನು ಮರಳಿಸುವುದಿಲ್ಲ.