ಲೆಕ್ಕ ಕೂಡಲಿ ಅಂತ ಗುರುತು ತಿದ್ದಬೇಡಿ

 

ನಮ್ಮ ಶಾಲೆಯ ಬೀರುವಿನಲ್ಲಿರುವ ಹಳೇ ಹಾಜರಿ ಪುಸ್ತಕಗಳಿಗೆ ಗೆದ್ದಲು ಹತ್ತಿದೆ. ಆದ್ದರಿಂದ ಒಂದೊಂದು ಪುಟದ ಫೋಟೋ ತೆಗೆದು, ಅದನ್ನು ನೋಡಿಕೊಂಡು ಕಂಪ್ಯೂಟರಿನಲ್ಲಿ ಕೋಷ್ಟಕ ಮಾಡುವ ಕೆಲಸ ನಡೆದಿದೆ. ಅದರಲ್ಲಿ ನಾನೂ ಇದ್ದೇನೆ. ಈ ಕೆಲಸದಲ್ಲಿ ನಮ್ಮ ನಮ್ಮಲ್ಲೇ ಒಂದು ವಾದ ಎದ್ದಿದೆ. ಪುಸ್ತಕದಲ್ಲಿ ಮೇಷ್ಟ್ರು ಬರೆದ ತಿಂಗಳ ಮೊತ್ತ ಒಂದು, ನಾವು ಎಣಿಸಿದ್ದು ಇನ್ನೊಂದು ಆದರೆ ಏನು ಮಾಡಬೇಕು? "ಎಲ್ಲಾದರೂ ಒಂದು ಗೈರು ಹಾಕಿಬಿಡು, ಸರಿಹೋಗ್ತದೆ" ಅಂತ ಕೆಲವರ ಮಾತು. ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಅಂತ ಒಂದು ಪುಟವನ್ನೇ ಹಿಡಿದು ಹೇಳುತ್ತೇನೆ.

ಮೊದಲು ಗುರುತುಗಳ ವಿಷಯ. ನಮ್ಮಲ್ಲಿ ದಿನಕ್ಕೆ ಎರಡು ಸಲ ಹಾಜರಿ. ಬೆಳಿಗ್ಗೆ ಬಂದರೆ ಒಂದು ಓರೆ ಗೆರೆ, ಮಧ್ಯಾಹ್ನವೂ ಇದ್ದರೆ ಅದರ ಮೇಲೆ ಅಡ್ಡಲಾಗಿ ಇನ್ನೊಂದು ಗೆರೆ. ಎರಡೂ ಸೇರಿದರೆ ಕತ್ತರಿ ಗುರುತು. ಬರದಿದ್ದರೆ 'ಗೈ'. ಹಾಗಾಗಿ ಒಂದು ದಿನ ಅಂದರೆ ಎರಡು ಹೊತ್ತು, ಶನಿವಾರ ಮಾತ್ರ ಒಂದೇ ಹೊತ್ತು. ಕೋಷ್ಟಕದಲ್ಲೂ ಪ್ರತಿ ಹೊತ್ತಿಗೆ ಒಂದು ಮನೆ. ಹಾಜರಿಗೆ 1, ಗೈರಿಗೆ 0. ಓದಲು ಆಗದಿದ್ದರೆ 'ಅ', ಅಂದರೆ ಅಸ್ಪಷ್ಟ. ಈ 'ಅ' ಬಹಳ ಮುಖ್ಯ. ಮನೆಯನ್ನು ಸುಮ್ಮನೆ ಖಾಲಿ ಬಿಟ್ಟರೆ ಅದು ರಜೆಯೋ, ಗೈರೋ, ನಾವು ಬಿಟ್ಟುಹೋದದ್ದೋ ಯಾರಿಗೂ ಗೊತ್ತಾಗೋದಿಲ್ಲ.

ನಾನು ಹೇಳುವ ಪುಟ ಹತ್ತನೇ ತರಗತಿಯದು, 36 ಮಕ್ಕಳು. ಆ ತಿಂಗಳಲ್ಲಿ 20 ಪೂರ್ತಿ ದಿನ, 4 ಶನಿವಾರ. ಒಟ್ಟು 44 ಹೊತ್ತು. ಮೊದಲನೇ ವಿದ್ಯಾರ್ಥಿಯ ಸಾಲು ಐದನೇ ಸಾಲಿನಲ್ಲಿ ಬಂದಿದೆ. ಅದರ ಕೊನೆಯಲ್ಲಿ ಹೀಗೆ ಹಾಕಿದೆವು:

```
=SUM(C5:AT5)
=COUNTIF(C5:AT5,"ಅ")
```

ಮೊದಲನೆಯದು ಹಾಜರಿ ಕೂಡುತ್ತದೆ, ಎರಡನೆಯದು ಅಸ್ಪಷ್ಟ ಎಷ್ಟು ಅಂತ ಹೇಳುತ್ತದೆ. ಎರಡನೆಯದು ಯಾಕೆ ಬೇಕು ಅಂದರೆ, ಕೂಡುವಾಗ ಕಂಪ್ಯೂಟರು 'ಅ' ಅನ್ನುವ ಅಕ್ಷರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮುಂದೆ ಹೋಗುತ್ತದೆ. ಆಗ ಅಸ್ಪಷ್ಟವೆಲ್ಲ ಗೈರಾದ ಹಾಗೇ ಆಯಿತು. ಇವುಗಳ ಪಕ್ಕದಲ್ಲಿ ಮೇಷ್ಟ್ರು ಬರೆದ ಮೊತ್ತಕ್ಕೆ ಬೇರೆ ಕಾಲಂ. ಅದನ್ನು ಪುಸ್ತಕದಲ್ಲಿ ಇದ್ದ ಹಾಗೇ ಬರೆಯಬೇಕು. ಕೆಳಗಡೆಯೂ ಹೀಗೇ, ಪ್ರತಿ ಹೊತ್ತಿಗೆ ಎಷ್ಟು ಜನ ಬಂದಿದ್ದರು ಅಂತ ಮೇಷ್ಟ್ರು ಬರೆದದ್ದು ಒಂದು ಸಾಲು, ನಾವು ಎಣಿಸಿದ್ದು ಇನ್ನೊಂದು ಸಾಲು.

ಈಗ ಕ್ರಮ ಸಂಖ್ಯೆ 17ರ ಹುಡುಗಿಯನ್ನು ನೋಡಿ. ಮೇಷ್ಟ್ರು ಬರೆದದ್ದು 39, ನಮ್ಮ ಎಣಿಕೆ 41. ಎರಡು ಹೊತ್ತು ಹೆಚ್ಚು. ಯಾವುದಾದರೂ ಒಂದು ದಿನ ಗೈರು ಹಾಕಿದರೆ ಸರಿಹೋಗುತ್ತಿತ್ತು ನಿಜ. ಆದರೆ ಯಾವ ದಿನ? ಆ ಸಾಲನ್ನು ಎಷ್ಟು ಸಲ ನೋಡಿದರೂ ಅದು ಹೇಳುವುದಿಲ್ಲ. ಅದಕ್ಕೆ ಕೆಳಗಿನ ಸಾಲು ನೋಡಬೇಕು. 14ನೇ ತಾರೀಖಿನಲ್ಲಿ ಮೇಷ್ಟ್ರು ಬೆಳಿಗ್ಗೆ 31, ಮಧ್ಯಾಹ್ನ 30 ಅಂತ ಬರೆದಿದ್ದಾರೆ. ನಮ್ಮದು 32 ಮತ್ತು 31. ಬೇರೆ ಎಲ್ಲಾ ದಿನಗಳೂ ಕೂಡಿವೆ. ಅಂದಮೇಲೆ 17ರ ಸಾಲೂ 14ರ ಕಾಲಮ್ಮೂ ಕೂಡುವ ಮನೆಯಲ್ಲೇ ಏನೋ ಇದೆ.

ಫೋಟೋ ದೊಡ್ಡದು ಮಾಡಿ ನೋಡಿದರೆ ಅಲ್ಲಿ ಕತ್ತರಿ ಗುರುತೇ ಕಾಣುತ್ತದೆ, ಸ್ವಲ್ಪ ದಪ್ಪಗೆ. ಪುಸ್ತಕವನ್ನೇ ತೆಗೆದು ಕಿಟಕಿ ಬೆಳಕಿಗೆ ಹಿಡಿದಾಗ ತಿಳಿಯಿತು. ಮೊದಲು ಕತ್ತರಿ ಹಾಕಿ, ಆಮೇಲೆ ಅದರ ಮೇಲೆಯೇ 'ಗೈ' ಬರೆದು, ಪಕ್ಕದಲ್ಲಿ ಸಣ್ಣದಾಗಿ ಇನಿಶಿಯಲ್ ಹಾಕಿದ್ದಾರೆ. ಬೇರೆ ಯಾರೋ "ಹಾಜರ್ ಸಾರ್" ಅಂದಿರಬೇಕು (ನಮ್ಮ ಕ್ಲಾಸಲ್ಲಿ ಇದು ಹೊಸದೇನಲ್ಲ!). ಇನಿಶಿಯಲ್ ಇರುವುದರಿಂದ ಅದು ಮೇಷ್ಟ್ರೇ ಮಾಡಿದ ತಿದ್ದುಪಡಿ. ಕೋಷ್ಟಕದಲ್ಲಿ ಎರಡು ಸೊನ್ನೆ ಹಾಕಿದ ಮೇಲೆ 39 ಬಂತು, ಕೆಳಗಿನದೂ ಕೂಡಿತು. ಸುಮ್ಮನೆ 9ನೇ ತಾರೀಖಿಗೋ 20ಕ್ಕೋ ಗೈರು ಹಾಕಿದ್ದರೆ 39 ಬರುತ್ತಿತ್ತು, ಆದರೆ ಹುಡುಗಿ ಬಂದಿದ್ದ ದಿನ ಬಂದಿಲ್ಲ ಅಂತ ಆಗುತ್ತಿತ್ತು.

ಕ್ರಮ ಸಂಖ್ಯೆ 9ರದು ಬೇರೆ ಕಥೆ. ಮೇಷ್ಟ್ರು ಬರೆದದ್ದು 40, ನಮ್ಮ ಎಣಿಕೆ 41. ಆದರೆ ಕೆಳಗಿನ ಯಾವ ದಿನದ ಲೆಕ್ಕವೂ ತಪ್ಪಿಲ್ಲ. ಅಂದರೆ ಗುರುತುಗಳು ಸರಿ, ಕೂಡಿದ್ದರಲ್ಲಿ ಏನೋ ಆಗಿದೆ. ಆ ಹುಡುಗ ಒಂದು ಸೋಮವಾರ, ಒಂದು ಶನಿವಾರ ಬಂದಿಲ್ಲ. ಸೋಮವಾರಕ್ಕೆ ಎರಡು, ಶನಿವಾರಕ್ಕೆ ಒಂದು, ಒಟ್ಟು ಮೂರು ಹೊತ್ತು ಗೈರು. 44ರಲ್ಲಿ 3 ಹೋದರೆ 41. ಶನಿವಾರಕ್ಕೂ ಎರಡು ಕಳೆದರೆ 40 ಬರುತ್ತದೆ. ಹಾಗೇ ಆಗಿರಬೇಕು. ಇಲ್ಲಿ 41ರ ಪಕ್ಕದಲ್ಲಿ 40 ಹಾಗೇ ಇರಲಿ, ಷರಾ ಕಾಲಮ್ಮಿನಲ್ಲಿ 'ಶನಿವಾರ ನೋಡಿ' ಅಂತ ಬರೆಯಬೇಕು. ಪುಸ್ತಕದಲ್ಲಿ ಇಲ್ಲದ ಒಂದು ಗೈರನ್ನು ಹುಟ್ಟಿಸುವ ಅಧಿಕಾರ ನಮಗೆ ಯಾರು ಕೊಟ್ಟರು?

ಒಂದು ಹೊತ್ತಿಗೆ ಇಷ್ಟು ರಾದ್ಧಾಂತ ಏಕೆ ಅನ್ನಬಹುದು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. ವರ್ಷಕ್ಕೆ 400 ಹೊತ್ತು ಅಂತ ಇಟ್ಟುಕೊಂಡರೆ 300 ಬೇಕಾಯಿತು. ಸುಗ್ಗಿಯಲ್ಲಿ ಹೊಲಕ್ಕೆ ಹೋಗುವವರು, ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವವರು ಈ 300ರ ಅಂಚಿನಲ್ಲೇ ಇರುತ್ತಾರೆ. ಹಳೇ ಪುಸ್ತಕದ ಕೋಷ್ಟಕ ಈಗ ಅವರಿಗೆ ಬೇಡದೆ ಇರಬಹುದು. ಆದರೆ ಇದೇ ಅಭ್ಯಾಸ ಮುಂದೆ ಈ ವರ್ಷದ ಪುಸ್ತಕಕ್ಕೂ ಬರುತ್ತದೆ.

ಇನಿಶಿಯಲ್ ಬಗ್ಗೆ ಇನ್ನೊಂದು ಮಾತು. ಪ್ರತಿ ದಿನದ ಕೆಳಗೆ ಹಾಜರಿ ತೆಗೆದವರ ಇನಿಶಿಯಲ್ ಇರುತ್ತದೆ. ಅದು ಅಲಂಕಾರಕ್ಕಲ್ಲ, ಅದಕ್ಕೂ ಕೋಷ್ಟಕದಲ್ಲಿ ಒಂದು ಸಾಲು ಬೇಕೇ ಬೇಕು. ಅದೇ ತಿಂಗಳಲ್ಲಿ ಮೂರು ದಿನ ಬೇರೆ ಇನಿಶಿಯಲ್ ಇದೆ. ಆ ಮೂರು ದಿನವೂ 'ಗೈ' ಎಲ್ಲೂ ಇಲ್ಲ, ಬರೀ ಚುಕ್ಕಿ. ಚುಕ್ಕಿ ಅಂದರೆ ಹಾಜರಿಯೋ ಗೈರೋ? ಕೆಳಗಿನ ಲೆಕ್ಕ ನೋಡಿದರೆ ಚುಕ್ಕಿಯನ್ನು ಗೈರು ಅಂದಾಗ ಮಾತ್ರ ಕೂಡುತ್ತದೆ. ಒಬ್ಬೊಬ್ಬ ಮೇಷ್ಟ್ರ ಕೈ ಒಂದೊಂದು ಥರ. ಯಾರ ಕೈ ಅಂತ ಗೊತ್ತಿಲ್ಲದೆ ಗುರುತು ಓದಬಾರದು. ತಿದ್ದಿದ ಮನೆಯ ಪಕ್ಕ ಇನಿಶಿಯಲ್ ಇಲ್ಲದಿದ್ದರೆ ಅದನ್ನೂ ಷರಾದಲ್ಲಿ ಹಾಕಬೇಕು.

ಈ ಎರಡು ಕಡೆಯ ಲೆಕ್ಕವೂ ಎಲ್ಲವನ್ನೂ ಹಿಡಿಯುವುದಿಲ್ಲ. ಹೆಸರು ಎಡ ಪುಟದಲ್ಲಿ, ತಿಂಗಳ ಕೊನೆಯ ದಿನಗಳು ಬಲ ಪುಟದಲ್ಲಿ. ಫೋಟೋ ಸ್ವಲ್ಪ ಓರೆಯಾದರೆ ಕಣ್ಣು ಪಕ್ಕದ ಸಾಲಿಗೆ ಜಾರುತ್ತದೆ. ಆಗ 22ರವನ ಗೈರು 23ರವನಿಗೆ ಹೋಗುತ್ತದೆ. ದಿನದ ಲೆಕ್ಕ ಕೂಡೇ ಕೂಡುತ್ತದೆ, ಆದರೆ ಒಬ್ಬನಿಗೆ ಎರಡು ಹೆಚ್ಚು, ಪಕ್ಕದವನಿಗೆ ಎರಡು ಕಡಿಮೆ. ಇಂಥ ಜೋಡಿ ಕಂಡರೆ ಸಾಲು ಜಾರಿದೆ ಅಂತಲೇ ತಿಳಿಯಿರಿ. ಇನ್ನೊಂದು ದಿನ ಕಣ್ಣು ಉಲ್ಟಾ ಜಾರಿದರೆ 23ರವನದು 22ಕ್ಕೆ ಬಂದು, ಎರಡೂ ಮೊತ್ತ ಸರಿಯಾಗಿಯೇ ಕಾಣುತ್ತವೆ. ಇದನ್ನು ಯಾವ ಕೂಡುವ ಲೆಕ್ಕವೂ ಹಿಡಿಯಲಾರದು. ಅದಕ್ಕೇ ನನ್ನ ಸಲಹೆ: ಒಂದು ಪುಟಕ್ಕೆ ಒಂದು ಫೋಟೋ, ಹೊಲಿಗೆಯ ಹತ್ತಿರದ ಕಾಲಂ ಮುಚ್ಚಿಹೋಗದ ಹಾಗೆ ಪುಸ್ತಕ ಒತ್ತಿ ಹಿಡಿದು. ಒಬ್ಬರು ಕ್ರಮ ಸಂಖ್ಯೆ ಸಮೇತ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಸ್ಕೇಲ್ ಇಟ್ಟುಕೊಂಡು ನೋಡಲಿ.

ಮುಂದಿನ ಶನಿವಾರ ನವೆಂಬರ್ ಪುಟ ಶುರು. ಅದರಲ್ಲಿ ಪೆನ್ಸಿಲ್ಲಿನಲ್ಲಿ ಹಾಕಿದ ಗುರುತುಗಳು ಬಹಳ ಇವೆ, ಫೋಟೋದಲ್ಲಿ ಅರ್ಧ ಕಾಣುವುದೇ ಇಲ್ಲ. ಯಾರಾದರೂ ಇಬ್ಬರು ಬೆಳಕಿರುವಾಗಲೇ ಬನ್ನಿ, ಪುಸ್ತಕವನ್ನೇ ಇಟ್ಟುಕೊಂಡು ಮಾಡೋಣ.