‘ಓಪನ್ನೇ ಆಗದಿಲ್ಲ’ ಅಂದ್ರೆ ಸಾಲದು | ಕೋಡ್ ಕಥೆ – 6

(1/3)

ಕ್ಲಾಸ್ ಪ್ರಾಜೆಕ್ಟ್‌ಗೆ ನಾವು ಮೂವರು ಸೇರಿ ಚೆಂಡು ಹೂವಿನ ಲೆಕ್ಕ ಬರೆದಿಡೋ ಆ್ಯಪ್ ಮಾಡಿದ್ದು ನಿಮಗೆ ಗೊತ್ತು. ಎಷ್ಟು ಕೆಜಿ ಹೋಯ್ತು, ಯಾವತ್ತು ಹೋಯ್ತು, ದುಡ್ಡು ಬಂತಾ ಇಲ್ವಾ, ಅಷ್ಟೇ. ಮದ್ದೂರಿನ ನಮ್ಮ ಮಾವನೇ ಮೊದಲ ಬಳಕೆದಾರ. ಎರಡನೇ ದಿನವೇ ಫೋನ್ ಬಂತು: "ಲೆಕ್ಕ ಒತ್ತುತಿದ್ದಂಗೆ ಮುಚ್ಕತದೆ ಕನ್ ಮಗ."

ಯಾವ ಫೋನು ಮಾವ ಅಂದೆ, ಮಾಡೆಲ್ ಹೇಳಿದ್ರು. ಹಾಸ್ಟೆಲ್‌ನಲ್ಲಿ ಒಬ್ಬನ ಹತ್ರ ಅದೇ ಮಾಡೆಲ್ ಇತ್ತು, ಇಸ್ಕೊಂಡು ನೋಡಿದ್ವಿ. ಆ್ಯಪ್ ಚೆನ್ನಾಗೇ ಓಡ್ತು! "ನಮ್ಮಲ್ಲಿ ಸರಿ ಇದೆ ಮಾವ, ನೆಟ್‌ವರ್ಕ್ ಇರಬೇಕು" ಅಂತ ಹೇಳಿ ಕೈ ತೊಳ್ಕೊಂಡ್ವಿ. ಕಾಡಂಚಿನ ಊರು, ನೆಟ್‌ವರ್ಕ್ ಮೇಲೆ ತಪ್ಪು ಹಾಕೋದು ಸುಲಭ ನೋಡಿ. ಮಾವ ಆ್ಯಪ್ ತೆಗೆದು ಮತ್ತೆ ನೋಟ್‌ಬುಕ್ಕಿಗೆ ಹೋದ್ರು. ಅದು ನಮ್ಮ ತಪ್ಪು, ಅವರದ್ದಲ್ಲ.

(2/3)

ಆಮೇಲೆ ಆ್ಯಪ್ ಒಳಗೇ ಒಂದು ‘ತೊಂದರೆ ತಿಳಿಸಿ’ ಫಾರ್ಮ್ ಹಾಕಿದ್ವಿ. ಕೇಳೋದು ಒಂದೇ ಪ್ರಶ್ನೆ: "ಯಾವ ಬಟನ್ ಒತ್ತಿದ ಮೇಲೆ ಹೀಗಾಯ್ತು?" ಯಾಕಂದ್ರೆ ಅದನ್ನ ಮನುಷ್ಯರೇ ಹೇಳಬೇಕು. ಉಳಿದದ್ದನ್ನ ಫೋನ್ ತಾನೇ ತುಂಬುತ್ತೆ:

```
app: 1.3 (7)
phone: (ಕಂಪನಿ, ಮಾಡೆಲ್)
android: 13 (API 33)
lang: kn-IN
font: 1.3
```

ಕೆಲವೇ ದಿನದಲ್ಲಿ ಇದೇ ದೂರು ಮೂರು ಬಂತು. ಮೂರೂ ಬೇರೆ ಕಂಪನಿ ಫೋನು, ಆಂಡ್ರಾಯ್ಡ್ ಕೂಡ ಬೇರೆ ಬೇರೆ. ಮೂರರಲ್ಲೂ ಒಂದೇ ಇದ್ದದ್ದು `kn-IN` ಮಾತ್ರ. ಅಂದ್ರೆ ಫೋನ್ ಭಾಷೆ ಕನ್ನಡ. ನಮ್ಮ ಮೂವರ ಫೋನೂ ಇಂಗ್ಲಿಷ್‌ನಲ್ಲಿತ್ತು, ಹಾಸ್ಟೆಲ್‌ನವನದ್ದೂ ಅಷ್ಟೇ!

ನನ್ನ ಫೋನನ್ನ ಕನ್ನಡಕ್ಕೆ ಬದಲಾಯಿಸಿ ‘ಲೆಕ್ಕ’ ಒತ್ತಿದೆ. ಢಮಾರ್. ಲಾಗ್‌ನಲ್ಲಿ ಈ ಸಾಲು:

```
java.text.ParseException: Unparseable date: "12 Jan 2025"
```

ಆಗಿದ್ದೇನಂದ್ರೆ, ಸರ್ವರ್ ತಾರೀಖನ್ನ `12 Jan 2025` ಅಂತ ಇಂಗ್ಲಿಷ್‌ನಲ್ಲಿ ಕಳಿಸ್ತಾ ಇತ್ತು. ನಾವು `SimpleDateFormat`ಗೆ ಯಾವ ಭಾಷೆ ಅಂತ ಹೇಳಿರಲಿಲ್ಲ. ಹೇಳದೆ ಇದ್ರೆ ಅದು ಫೋನಿನ ಭಾಷೆಯನ್ನೇ ಹಿಡಿಯುತ್ತೆ. ಕನ್ನಡದ ಫೋನು ‘ಜನವರಿ’ಗೆ ಕಾಯ್ತಾ ಕೂತಿತ್ತು, `Jan` ಬಂದಾಗ ಓದೋಕಾಗದೆ ಬಿದ್ದೋಯ್ತು. ಸರಿ ಮಾಡೋಕೆ ಒಂದೇ ಸಾಲು ಸಾಕಾಯ್ತು:

```
SimpleDateFormat("dd MMM yyyy", Locale.ENGLISH)
```

ಇನ್ನೂ ಒಳ್ಳೇದು ಅಂದ್ರೆ ಸರ್ವರ್‌ನಿಂದಲೇ `2025-01-12` ಅಂತ ಕಳಿಸೋದು, ತಿಂಗಳ ಹೆಸರಿನ ಗೋಜೇ ಇರಲ್ಲ. ತೆರೆಮೇಲೆ ತೋರಿಸುವಾಗ ಮಾತ್ರ ಕನ್ನಡಕ್ಕೆ ತಿರುಗಿಸಿದ್ರಾಯ್ತು. ಎರಡೂ ಭಾಷೆಯಲ್ಲಿ ಇಟ್ಟು ಮತ್ತೆ ಒತ್ತಿ ನೋಡಿದ್ವಿ, ಆಮೇಲೇ ಸರಿಯಾಯ್ತು ಅಂದಿದ್ದು.

(3/3)

ಒಬ್ಬ ಗೆಳೆಯ ಕೇಳಿದ: "ಕ್ರ್ಯಾಶ್ ಆದ್ರೆ ತಾನೇ ವರದಿ ಕಳಿಸೋ ಟೂಲ್ ಇದೆಯಲ್ಲ, ಫಾರ್ಮ್ ಯಾಕೆ?" ಇದೆ, ಹಾಕಿ. ಆದ್ರೆ ಕ್ರ್ಯಾಶೇ ಆಗದ ತೊಂದರೆ ಅದರ ಕಣ್ಣಿಗೆ ಬೀಳಲ್ಲ. ಮೇಲಿನ `font: 1.3` ನೋಡಿ. ಅಕ್ಷರ ದೊಡ್ಡದು ಮಾಡ್ಕೊಂಡ ಆ ಫೋನಿನಲ್ಲಿ ‘ಉಳಿಸಿ’ ಬಟನ್ ತೆರೆಯಿಂದ ಕೆಳಗೆ ಜಾರಿಹೋಗಿತ್ತು. ಆ್ಯಪ್ ಪ್ರಕಾರ ಎಲ್ಲಾ ಸರಿ, ಕೂತು ಒತ್ತೋ ಮನುಷ್ಯನಿಗೆ ಮಾತ್ರ ಬಟನ್ನೇ ಇಲ್ಲ.

ಮಾಡೋರಿಗೆ ಎರಡು ಮಾತು. ಫಾರ್ಮ್‌ನ ದಾರಿ ಮೊದಲ ಪುಟದಲ್ಲಿರಲಿ, ಕೆಟ್ಟ ಪುಟದ ಒಳಗಿದ್ರೆ ದೂರು ಹೇಳೋರು ಅಲ್ಲಿಗೆ ತಲುಪೋದೇ ಇಲ್ಲ. ಮತ್ತೆ, ಬರೆದದ್ದು ಮೊದಲು ಫೋನಿನಲ್ಲೇ ಉಳೀಲಿ, ನೆಟ್ ಬಂದಾಗ ಹೋಗ್ಲಿ. ತೋಟದಲ್ಲಿ ಬರೆದ ದೂರು ಗುಂಡ್ಲುಪೇಟೆ ಮುಟ್ಟಿದ ಮೇಲಾದ್ರೂ ನಮಗೆ ಸಿಗುತ್ತೆ.

ನನ್ನ ಗಟ್ಟಿ ಅಭಿಪ್ರಾಯ ಇದು: ಆ ಐದು ಸಾಲು ಸಾಕು, ಆರನೇದು ಬೇಕಂದ್ರೆ ಯಾವ ಬಗ್‌ಗೆ ಅಂತ ಕಾರಣ ಕೊಡಿ. ಫೋನ್ ನಂಬರ್, ಲೊಕೇಶನ್, ಕಾಂಟ್ಯಾಕ್ಟ್ಸ್ ಯಾವುದೂ ತಾರೀಖಿನ ತಪ್ಪನ್ನ ತೋರಿಸ್ತಿರಲಿಲ್ಲ. ಐಎಂಇಐ ಅಂತೂ ಆಂಡ್ರಾಯ್ಡ್ 10ರಿಂದ ನಮ್ಮಂಥ ಆ್ಯಪ್‌ಗಳಿಗೆ ಸಿಗೋದೇ ಇಲ್ಲ. ಸ್ಕ್ರೀನ್‌ಶಾಟ್ ತಾನಾಗೇ ಹಿಡೀಬೇಡಿ, ಅದರಲ್ಲಿ ಅವರ ದುಡ್ಡಿನ ಲೆಕ್ಕ ಕಾಣುತ್ತೆ. ಕಳಿಸೋ ಮುಂಚೆ ಐದೂ ಸಾಲು ಅವರ ಕಣ್ಣಿಗೆ ಕಾಣಲಿ, ಬೇಡ ಅನ್ನೋರಿಗೆ ಅಳಿಸೋ ಹಕ್ಕು ಇರಲಿ. ಪ್ಲೇ ಸ್ಟೋರ್‌ಗೆ ಹಾಕೋದಾದ್ರೆ ‘ಡೇಟಾ ಸೇಫ್ಟಿ’ ಭಾಗದಲ್ಲಿ ಏನು ತಗೋತೀವಿ ಅಂತ ಹೇಳಲೇಬೇಕು.

ಮಾವ ಮತ್ತೆ ಹಾಕ್ಕೊಂಡಿದ್ದಾರೆ. ನೋಟ್‌ಬುಕ್ಕೂ ಪಕ್ಕದಲ್ಲೇ ಇದೆ, ನಂಬಿಕೆ ಪೂರ್ತಿ ವಾಪಸ್ ಬಂದಿಲ್ಲ 😅

ನಿಮ್ಮ ಪ್ರಾಜೆಕ್ಟ್ ಆ್ಯಪ್‌ನ ಇವತ್ತು ಒಂದ್ಸಲ ಫೋನ್ ಕನ್ನಡಕ್ಕೆ ಹಾಕಿ ತೆಗೀರಿ. ಏನಾಯ್ತು ಅಂತ ಕೆಳಗೆ ಬರೀರಿ, ಆ ಐದು ಸಾಲಿನ ಜೊತೆ!

#ಕೋಡ್‌ಕಥೆ #ಮದ್ದೂರು #ಗುಂಡ್ಲುಪೇಟೆ #ಕನ್ನಡದಲ್ಲಿಕೋಡಿಂಗ್