ಒಂಬತ್ತೂವರೆ ಎಂದರೆ ಯಾವ ಊರಿನ ಒಂಬತ್ತೂವರೆ?

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗಿಯೊಬ್ಬಳಿಗೆ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಮ್ಯಾನೇಜರ್‌ನಿಂದ ಒಂದು ಸಾಲಿನ ಮೇಲ್ ಬಂತು ಎಂದುಕೊಳ್ಳಿ. ‘ಮಂಗಳವಾರ ಬೆಳಿಗ್ಗೆ 9:30 ಇಎಸ್‌ಟಿ, ಕ್ಲೈಂಟ್ ಜೊತೆ ಕಾಲ್.’ ಹುಡುಗಿ ಜಾಣೆ, ಅಂದಾಜಿನ ಮೇಲೆ ಹೋಗುವವಳಲ್ಲ. ಇಎಸ್‌ಟಿ ಎಂದರೆ ಈಸ್ಟರ್ನ್ ಸ್ಟ್ಯಾಂಡರ್ಡ್ ಟೈಮ್, ಅದು ಯುಟಿಸಿಗಿಂತ ಐದು ಗಂಟೆ ಹಿಂದೆ. ಭಾರತ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಎರಡನ್ನೂ ಕೂಡಿಸಿದರೆ ಹತ್ತೂವರೆ ಗಂಟೆಯ ಅಂತರ. ಅಲ್ಲಿಯ ಬೆಳಗಿನ 9:30 ಅಂದರೆ ಇಲ್ಲಿಯ ರಾತ್ರಿ 8. ಎಂಟಕ್ಕೆ ಐದು ನಿಮಿಷ ಇರುವಾಗಲೇ ಹೆಡ್‌ಫೋನ್ ಹಾಕಿಕೊಂಡು ಕೂತಳು. ಕಾಲ್‌ನಲ್ಲಿ ಯಾರೂ ಇಲ್ಲ. ಅದು ಏಳಕ್ಕೇ ಶುರುವಾಗಿ, ಅವಳಿಲ್ಲದೆಯೇ ಮುಗಿದಿತ್ತು.

ಲೆಕ್ಕದಲ್ಲಿ ಅವಳ ತಪ್ಪು ಒಂದೂ ಇಲ್ಲ. ತಪ್ಪಿದ್ದು ಮೇಲ್‌ನಲ್ಲಿದ್ದ ಮೂರು ಅಕ್ಷರ. ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಗಡಿಯಾರ ಇಎಸ್‌ಟಿಯಲ್ಲಿ ಇರುವುದೇ ಇಲ್ಲ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅದನ್ನು ಒಂದು ಗಂಟೆ ಮುಂದಿಟ್ಟಿರುತ್ತಾರೆ. ಆಗಿನ ಹೆಸರು ಇಡಿಟಿ, ಅಂದರೆ ಈಸ್ಟರ್ನ್ ಡೇಲೈಟ್ ಟೈಮ್. ಆ ತಿಂಗಳುಗಳಲ್ಲಿ ಅಂತರ ಹತ್ತೂವರೆಯಲ್ಲ, ಒಂಬತ್ತೂವರೆ. ಅಮೆರಿಕದಲ್ಲಿ ಇರುವವರು ಇದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಅವರಿಗೆ ‘ಇಎಸ್‌ಟಿ’ ಅಂದರೆ ನಮ್ಮ ಗೋಡೆ ಗಡಿಯಾರ ಎಂದಷ್ಟೇ ಅರ್ಥ, ವರ್ಷವಿಡೀ ಹಾಗೇ ಬರೆಯುತ್ತಾರೆ. ಆ ಅಕ್ಷರಗಳನ್ನು ನಂಬಿ ಲೆಕ್ಕ ಹಾಕಿದವರಿಗೆ ಮಾತ್ರ ಒಂದು ಗಂಟೆಯ ದಂಡ.

ಇಂಥ ಗೊಂದಲದ ಮಾತು ಬಂದಾಗಲೆಲ್ಲ, ಕೂಡಿಸಿ ಕಳೆಯುವುದನ್ನು ಸರಿಯಾಗಿ ಕಲಿಯಿರಿ ಎಂಬ ಉಪದೇಶ ಸಿಗುತ್ತದೆ. ಅದು ಅರ್ಧ ಸತ್ಯ. ಕೂಡಿಸುವುದು ಐದನೇ ಕ್ಲಾಸಿನ ಗಣಿತ, ಅದಕ್ಕೆ ಫೋನಿನ ಗಡಿಯಾರವೂ ಸಾಕು. ಗೊಂದಲ ಹುಟ್ಟುವುದು ಲೆಕ್ಕಕ್ಕೆ ಮೊದಲು, ಸಮಯವನ್ನು ಬರೆದು ಕಳಿಸುವಾಗ. ಆದ್ದರಿಂದ ಜವಾಬ್ದಾರಿಯೂ ಬರೆಯುವವರ ಮೇಲೆಯೇ ಇರಬೇಕು, ಓದುವವರ ಮೇಲಲ್ಲ.

ಭಾರತದವರು ಬರೆಯುವ ‘ಐಎಸ್‌ಟಿ’ ಕೂಡ ಅಷ್ಟು ಶುದ್ಧವಲ್ಲ. ಇಸ್ರೇಲಿನವರಿಗೆ ಅದು ಇಸ್ರೇಲ್ ಸ್ಟ್ಯಾಂಡರ್ಡ್ ಟೈಮ್, ಡಬ್ಲಿನ್‌ನಲ್ಲಿ ಕೂತವರಿಗೆ ಬೇಸಿಗೆಯ ಐರಿಶ್ ಸ್ಟ್ಯಾಂಡರ್ಡ್ ಟೈಮ್. ಬೆಂಗಳೂರು, ಡಬ್ಲಿನ್, ಟೆಲ್ ಅವೀವ್ ಮೂರೂ ಕಡೆ ಕಚೇರಿ ಇರುವ ಕಂಪನಿಗಳಿಗೆ ಕೊರತೆಯಿಲ್ಲ. ಅಲ್ಲಿ ‘4 ಗಂಟೆ ಐಎಸ್‌ಟಿ’ ಎಂದರೆ ಮೂರು ಬೇರೆ ಬೇರೆ ಹೊತ್ತು. ಊರಿನ ಹೆಸರಿಗೆ ಈ ಕಾಟವಿಲ್ಲ. ‘ನ್ಯೂಯಾರ್ಕ್ ಸಮಯ 9:30’ ಎಂದು ಬರೆದಿದ್ದರೆ ಆ ಹುಡುಗಿ ಫೋನಿನಲ್ಲಿ ನ್ಯೂಯಾರ್ಕಿನ ಗಡಿಯಾರ ನೋಡುತ್ತಿದ್ದಳು. ಆ ದಿನ ಅಲ್ಲಿ ಯಾವ ನಿಯಮ ನಡೆಯುತ್ತಿದೆಯೋ ಅದು ತಾನಾಗಿಯೇ ಲೆಕ್ಕಕ್ಕೆ ಬರುತ್ತಿತ್ತು. ಕಂಪ್ಯೂಟರುಗಳೂ ಒಳಗೊಳಗೆ ಇದನ್ನೇ ಮಾಡುತ್ತವೆ. ಅವು ಸಮಯ ವಲಯಗಳನ್ನು `Asia/Kolkata`, `America/New_York` ಎಂದು ಊರಿನ ಹೆಸರಿನಲ್ಲೇ ಗುರುತಿಸುತ್ತವೆ.

ಮುಂಬೈಯ ಹಳಬರಿಗೆ ಇದು ಹೊಸ ತಲೆನೋವೇನಲ್ಲ. 1906ರಲ್ಲಿ ಭಾರತದ ಸ್ಟ್ಯಾಂಡರ್ಡ್ ಟೈಮ್ ಜಾರಿಗೆ ಬಂದ ಮೇಲೂ ಆ ನಗರ ತನ್ನದೇ ‘ಬಾಂಬೆ ಟೈಮ್’ ಅನ್ನು ದಶಕಗಳ ಕಾಲ ಬಿಟ್ಟುಕೊಡಲಿಲ್ಲ. ಅದು ಸ್ಟ್ಯಾಂಡರ್ಡ್ ಸಮಯಕ್ಕಿಂತ 39 ನಿಮಿಷ ಹಿಂದೆ. ಒಂದೇ ಊರಿನೊಳಗೇ ಗಂಟೆ ಎಷ್ಟು ಎನ್ನುವುದರ ಜೊತೆ ಯಾವ ಗಂಟೆ ಎಂದೂ ಹೇಳಬೇಕಾಗಿದ್ದ ಕಾಲ ಅದು.

ಒಂದೇ ಒಂದು ಮೀಟಿಂಗ್ ಆದರೆ ಊರು ಮತ್ತು ತಾರೀಖು ಬರೆದರೆ ಕೆಲಸ ಮುಗಿಯಿತು. ನಿಜವಾದ ತೊಂದರೆ ಪ್ರತಿ ವಾರ ನಡೆಯುವ ಮೀಟಿಂಗಿನದು. ಅದೇ ತಂಡಕ್ಕೆ ಲಂಡನ್ನಿನವರೊಬ್ಬರನ್ನು ಸೇರಿಸಿ, 2026ರ ಮಂಗಳವಾರಗಳನ್ನು ನೋಡಿ. ಮೀಟಿಂಗ್ ನ್ಯೂಯಾರ್ಕಿನ ಬೆಳಿಗ್ಗೆ 9:30ಕ್ಕೆ ಎಂದು ನಿಗದಿಯಾಗಿದೆ. ಫೆಬ್ರವರಿಯಲ್ಲಿ ಅದು ಲಂಡನ್ನಿಗೆ ಮಧ್ಯಾಹ್ನ 2:30, ಪುಣೆಗೆ ರಾತ್ರಿ 8. ಮಾರ್ಚ್ 8ರ ಭಾನುವಾರ ಅಮೆರಿಕ ಗಡಿಯಾರವನ್ನು ಮುಂದಿಡುತ್ತದೆ, ಯುರೋಪ್ ಇಡುವುದಿಲ್ಲ. ಹಾಗಾಗಿ ಮಾರ್ಚ್ 10ರ ಮಂಗಳವಾರ ಲಂಡನ್ನಿಗೆ 1:30, ಪುಣೆಗೆ ಸಂಜೆ 7. ಯುರೋಪಿನ ಸರದಿ ಬರುವುದು ಮಾರ್ಚ್ 29ಕ್ಕೆ. ಅಲ್ಲಿಂದ ಲಂಡನ್ ಮತ್ತೆ 2:30ಕ್ಕೆ ಮರಳುತ್ತದೆ, ಪುಣೆ 7ರಲ್ಲೇ ಉಳಿಯುತ್ತದೆ. ಶರತ್ಕಾಲದಲ್ಲಿ ಇದೇ ಆಟ ತಿರುಗುಮುರುಗು. ಯುರೋಪ್ ಅಕ್ಟೋಬರ್ 25ಕ್ಕೇ ಗಡಿಯಾರ ಹಿಂದಿಡುತ್ತದೆ, ಅಮೆರಿಕ ನವೆಂಬರ್ 1ಕ್ಕೆ. ನಡುವಿನ ಆ ಒಂದು ವಾರ ಲಂಡನ್ನಿನವರು 1:30ಕ್ಕೆ ಬರಬೇಕು.

ನಿಯಮ ಕಷ್ಟದ್ದಲ್ಲ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಮತ್ತು ನವೆಂಬರ್ ತಿಂಗಳ ಮೊದಲ ಭಾನುವಾರ, ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ದುಬೈ, ಸಿಂಗಪುರ, ಟೋಕಿಯೊಗಳಲ್ಲಿ ಈ ತಾಪತ್ರಯವೇ ಇಲ್ಲ. ಸಿಡ್ನಿಯಲ್ಲಿ ಇದೆ, ಆದರೆ ಅಲ್ಲಿನ ಬೇಸಿಗೆ ನಮ್ಮ ಚಳಿಗಾಲವಾದ್ದರಿಂದ ತಿಂಗಳುಗಳು ಅದಲುಬದಲು.

ಇಲ್ಲಿ ಗಮನಿಸಬೇಕಾದ್ದು, ಪುಣೆಯವರು ತಮ್ಮ ಗಡಿಯಾರವನ್ನು ಮುಟ್ಟಲೇ ಇಲ್ಲ, ಆದರೂ ಅವರ ಸಂಜೆ ಒಂದು ಗಂಟೆ ಅತ್ತಿತ್ತ ಸರಿಯಿತು. ಏಕೆಂದರೆ ಕ್ಯಾಲೆಂಡರಿನಲ್ಲಿ ಮೀಟಿಂಗ್ ತಯಾರಿಸಿದವರು ನ್ಯೂಯಾರ್ಕಿನವರು. ಗೂಗಲ್ ಕ್ಯಾಲೆಂಡರ್ ಆಗಲಿ, ಔಟ್‌ಲುಕ್ ಆಗಲಿ, ಪ್ರತಿವಾರದ ಮೀಟಿಂಗನ್ನು ಯಾವುದಾದರೂ ಒಂದು ವಲಯಕ್ಕೆ ಕಟ್ಟಿಹಾಕಿರುತ್ತವೆ. ತಯಾರಿಸುವವರು ಬೇರೆ ಆರಿಸದಿದ್ದರೆ ಸಾಮಾನ್ಯವಾಗಿ ಅದು ಅವರದೇ ವಲಯ. ಗೂಟ ನ್ಯೂಯಾರ್ಕಿನಲ್ಲಿದ್ದರೆ ಅಲ್ಲಿ ವರ್ಷವಿಡೀ 9:30, ಉಳಿದವರು ಓಡಾಡಬೇಕು. ಅದೇ ಮೀಟಿಂಗನ್ನು ಪುಣೆಯ ಸಂಜೆ 7ಕ್ಕೆ ಎಂದು ಭಾರತದ ವಲಯದಲ್ಲಿ ಮಾಡಿದ್ದರೆ ಪುಣೆಯಲ್ಲಿ ಯಾವಾಗಲೂ 7 ಆಗುತ್ತಿತ್ತು. ನ್ಯೂಯಾರ್ಕಿನವರು ಚಳಿಗಾಲದಲ್ಲಿ ಬೆಳಿಗ್ಗೆ 8:30ಕ್ಕೆ ಬರಬೇಕಾಗುತ್ತಿತ್ತು. ಯುಟಿಸಿಗೆ ಕಟ್ಟಿದರೂ ಭಾರತದ ಮಟ್ಟಿಗೆ ಫಲ ಇದೇ.

ಅಂದರೆ ‘ಕ್ಯಾಲೆಂಡರ್ ತಾನೇ ನೋಡಿಕೊಳ್ಳುತ್ತದೆ’ ಎಂದು ಬಿಟ್ಟರೆ, ಯಾರ ಮನೆಯ ಊಟದ ಹೊತ್ತು ಕೆಡಬೇಕು ಎಂಬ ನಿರ್ಧಾರವನ್ನು ಯಾರೂ ಮಾತಾಡದೆ ತೆಗೆದುಕೊಂಡ ಹಾಗಾಯಿತು. ಏಳರಿಂದ ಎಂಟು ಅಂದರೆ ಒಂದು ಗಂಟೆ ತಾನೇ ಎಂದು ಹೇಳುವುದು ಸುಲಭ. ಏಳಕ್ಕೆ ಶುರುವಾದ ಕಾಲ್ ಎಂಟಕ್ಕೆ ಮುಗಿದರೆ ಮನೆಮಂದಿಯ ಜೊತೆ ಕೂತು ಊಟ ಮಾಡಬಹುದು. ಎಂಟಕ್ಕೆ ಶುರುವಾಗಿ ಒಂಬತ್ತು ದಾಟಿದರೆ ತಟ್ಟೆ ಮುಚ್ಚಿಟ್ಟಿರುತ್ತಾರೆ, ಮಗು ಮಲಗಿರುತ್ತದೆ. ಕಚೇರಿಯಿಂದಲೇ ಕಾಲ್‌ಗೆ ಕೂರುವವರಿಗೆ ಮನೆ ತಲುಪುವ ಚಿಂತೆ ಬೇರೆ. ನ್ಯೂಯಾರ್ಕಿನವರ 8:30ಕ್ಕೂ ತೊಂದರೆ ಇದೆ, ಅಲ್ಲಿಯೂ ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತು ಅದು. ಯಾರಾದರೊಬ್ಬರು ಸರಿಯಲೇಬೇಕು. ಅದನ್ನು ಬಾಯಿಬಿಟ್ಟು ತೀರ್ಮಾನಿಸುವುದು ನ್ಯಾಯ. ಒಂದು ವರ್ಷ ಗೂಟ ಅಲ್ಲಿ, ಇನ್ನೊಂದು ವರ್ಷ ಇಲ್ಲಿ ಎಂದಾದರೂ ಆಗಲಿ. ಮೀಟಿಂಗ್ ತಯಾರಿಸುವಾಗ ಸಮಯದ ಪಕ್ಕದಲ್ಲೇ ವಲಯ ಆರಿಸುವ ಜಾಗವಿದೆ, ಇದಕ್ಕೆ ಬೇರೆ ತಂತ್ರಜ್ಞಾನವೇನೂ ಬೇಕಿಲ್ಲ.

ಬೇಕಾಗಿರುವುದು ಕೇಳುವ ಧೈರ್ಯ. ಕ್ಲೈಂಟನ್ನು ಮೊದಲ ಹೆಸರು ಹಿಡಿದು ಕರೆಯಲು ಕಲಿತವರೂ ‘ಇದು ಇಎಸ್‌ಟಿಯೋ ಇಡಿಟಿಯೋ’ ಎಂದು ಮರುಪ್ರಶ್ನೆ ಹಾಕಲು ಹಿಂಜರಿಯುತ್ತಾರೆ. ಇಷ್ಟೂ ಗೊತ್ತಿಲ್ಲವೇ ಎಂದಾರು ಎಂಬ ಅಳುಕು. ಅದಕ್ಕೊಂದು ಒಳ್ಳೆಯ ದಾರಿಯಿದೆ, ಪ್ರಶ್ನೆ ಕೇಳದೆ ಉತ್ತರವನ್ನೇ ಬರೆದು ಕಳಿಸುವುದು. ‘ಜೂನ್ 9, ಮಂಗಳವಾರ: ನ್ಯೂಯಾರ್ಕ್ ಬೆಳಿಗ್ಗೆ 9:30, ಲಂಡನ್ ಮಧ್ಯಾಹ್ನ 2:30, ಪುಣೆ ಸಂಜೆ 7:00. ಇದೇ ಹೊತ್ತಿಗೆ ಸೇರುತ್ತೇವೆ.’ ಎಲ್ಲಾದರೂ ತಪ್ಪಿದ್ದರೆ ಮೂವರಲ್ಲಿ ಒಬ್ಬರ ಕಣ್ಣಿಗೆ ಬಿದ್ದೇ ಬೀಳುತ್ತದೆ, ಏಕೆಂದರೆ ಪ್ರತಿಯೊಬ್ಬರೂ ತಮ್ಮ ಊರಿನ ಗಂಟೆಯನ್ನೇ ನೋಡುವುದು.

ಆ ಸಾಲಿನಲ್ಲಿ ವಾರ, ತಾರೀಖು ಎರಡೂ ಇರುವುದು ಸುಮ್ಮನೆ ಅಲ್ಲ. ‘ನಾಳೆ’ ಎಂಬ ಪದ ಮಹಾ ಮೋಸದ್ದು. ಜೂನ್‌ನಲ್ಲಿ ನ್ಯೂಯಾರ್ಕಿನವರು ಸೋಮವಾರ ರಾತ್ರಿ 9ಕ್ಕೆ ‘ನಾಳೆ’ ಎಂದು ಬರೆದರೆ ಪುಣೆಯಲ್ಲಿ ಆಗಲೇ ಮಂಗಳವಾರ ಬೆಳಿಗ್ಗೆ 6:30. ಓದಿದವರು ಬುಧವಾರಕ್ಕೆ ತಯಾರಾಗುತ್ತಾರೆ. ಕ್ಯಾಲಿಫೋರ್ನಿಯಾದವರ ‘ಶುಕ್ರವಾರ ಸಂಜೆ 6’ ಬೇಸಿಗೆಯಲ್ಲಿ ಚೆನ್ನೈನ ಶನಿವಾರ ಬೆಳಿಗ್ಗೆ 6:30. ರಜೆಯ ದಿನ ಹೋಯಿತು ಎನ್ನುವುದು ಗೊತ್ತಾಗುವುದೇ ಕ್ಯಾಲೆಂಡರಿನಲ್ಲಿ ಕಂಡ ಮೇಲೆ.

ಲೆಕ್ಕ ಸರಿಯೋ ಎಂದು ಒಂದೇ ನೋಟಕ್ಕೆ ಹಿಡಿಯುವ ಉಪಾಯವೂ ಇದೆ. ಭಾರತದ ಸಮಯದಲ್ಲಿರುವ ಅರ್ಧ ಗಂಟೆಯನ್ನು ಜನ ಬೈದುಕೊಳ್ಳುತ್ತಾರೆ, ಆದರೆ ಕಾವಲುಗಾರನೂ ಅದೇ. ಲಂಡನ್, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ಮೂರರಲ್ಲಿ ಯಾವುದೇ ಇರಲಿ, ಅಲ್ಲಿ ಪೂರ್ಣ ಗಂಟೆಯಾದರೆ ಇಲ್ಲಿ ಮೂವತ್ತು ನಿಮಿಷ ಬರಲೇಬೇಕು, ಅಲ್ಲಿ ಮೂವತ್ತಾದರೆ ಇಲ್ಲಿ ಪೂರ್ಣ ಗಂಟೆ. ಎರಡೂ ಕಡೆ 9:00 ಮತ್ತು 7:00 ಎಂದು ಕಂಡರೆ ಎಲ್ಲೋ ಅರ್ಧ ಗಂಟೆ ಬಿಟ್ಟುಹೋಗಿದೆ. ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗು ಮಾಡಿದರೆ ಲಂಡನ್ ಸಮಯ ಕಾಣುತ್ತದೆ ಎಂಬ ಹಳೆಯ ಜಾಣತನ ಕೂಡ ಈ ಅರ್ಧ ಗಂಟೆಯ ಕೃಪೆಯೇ. ಇಲ್ಲಿ ಮಧ್ಯಾಹ್ನ 12 ಇರುವಾಗ ತಿರುಗಿಸಿ ಹಿಡಿದರೆ 6:30 ತೋರುತ್ತದೆ. ಚಳಿಗಾಲದಲ್ಲಿ ಅದು ಸರಿ. ಬೇಸಿಗೆಯಲ್ಲಿ ಲಂಡನ್ ಒಂದು ಗಂಟೆ ಮುಂದೆ ಹೋಗಿರುತ್ತದೆ, ಕೈಗಡಿಯಾರಕ್ಕೆ ಅದು ಗೊತ್ತಿರುವುದಿಲ್ಲ.

ಈ ಒಂದು ಗಂಟೆಯ ತಪ್ಪನ್ನು ಮಾತ್ರ ನಿಮಿಷದ ಮುಳ್ಳು ಹಿಡಿದುಕೊಡಲಾರದು. ಅದಕ್ಕೆ ತಾರೀಖೇ ಬೇಕು. ಹಿಂಜವಡಿಯ ಆ ತಂಡ 2026ರ ಅಕ್ಟೋಬರ್ ಕೊನೆಯ ವಾರದಲ್ಲಿ ಎಲ್ಲರಿಗೂ ಒಂದು ಮೇಲ್ ಕಳಿಸಿದರೆ ಸಾಕು: ‘ಅಕ್ಟೋಬರ್ 27, ಮಂಗಳವಾರ: ನ್ಯೂಯಾರ್ಕ್ ಬೆಳಿಗ್ಗೆ 9:30, ಲಂಡನ್ ಮಧ್ಯಾಹ್ನ 1:30, ಪುಣೆ ಸಂಜೆ 7:00. ನವೆಂಬರ್ 3ರಿಂದ: ನ್ಯೂಯಾರ್ಕ್ 9:30, ಲಂಡನ್ 2:30, ಪುಣೆ ರಾತ್ರಿ 8:00. ಎಂಟು ಗಂಟೆ ನಮ್ಮಲ್ಲಿ ಕೆಲವರಿಗೆ ಕಷ್ಟ. ಚಳಿಗಾಲದಲ್ಲಿ ನ್ಯೂಯಾರ್ಕ್ 8:30ಕ್ಕೆ ಬರಲು ಸಾಧ್ಯವೇ?’